ಮಕ್ಕಳಾಗಲಿಲ್ಲವೆಂದು ಬಂದವರಿಗೆ ಕೇಳದೇ ಉಳಿದ ಪ್ರಶ್ನೆ

ಮದುವೆಯಾಗಿ ಮೂರು ವರ್ಷವಾದ ದಂಪತಿಗಳು ಒಂದು ದಪ್ಪನೆಯ ಫೈಲು ಹಿಡಿದುಕೊಂಡು ಸ್ತ್ರೀರೋಗ ತಜ್ಞೆಯಾದ ನನ್ನಲ್ಲಿಗೆ ಬಂದರು. ಆಕೆಗೆ 26 ವರ್ಷ, ಆತನಿಗೆ 31. ಜೊತೆಗೆ ಹುಡುಗನ ತಾಯಿಯೂ ಇದ್ದರು. ಮಾತನಾಡಿದವರು ಅವರೊಬ್ಬರೇ. “ಎಲ್ಲ ಪರೀಕ್ಷೆಯೂ ಆಯ್ತು ಡಾಕ್ಟ್ರೇ, ಎಲ್ಲವೂ ನಾರ್ಮಲ್ ಅಂತಾರೆ. ಮತ್ಯಾಕೆ ಇವಳಿಗೆ ನಿಲ್ತಾ ಇಲ್ಲ?” ಎಂದರು.

ಈ ದಂಪತಿಗಳ ಗುರುತು ಯಾರಿಗೂ ಸಿಗದಂತೆ, ಇಂಥದೇ ತೊಂದರೆಯಿಂದ ಬಂದ ಹಲವರ ಸಂಗತಿಗಳನ್ನು ಕೂಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಫೈಲಿನಲ್ಲಿ ಹಾರ್ಮೋನುಗಳ ರಕ್ತಪರೀಕ್ಷೆ ಇತ್ತು, ಗಂಡನ ವೀರ್ಯಪರೀಕ್ಷೆ ಇತ್ತು, ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗ್ ಇತ್ತು. ಎಲ್ಲವೂ ಸರಿಯಾಗಿದ್ದವು. ಆದರೆ ಗರ್ಭನಾಳಗಳು ತೆರೆದಿವೆಯೇ ಎಂದು ನೋಡಲು ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇಯ ಹಾಳೆಯಲ್ಲಿ ಚಿತ್ರವಿರಲಿಲ್ಲ. ಅದರ ಬದಲು ಒಂದು ಸಾಲು ಬರೆದಿತ್ತು: “ರೋಗಿ ಸಹಕರಿಸಲಿಲ್ಲ.” ಎರಡು ಕಡೆ ಒಳಪರೀಕ್ಷೆಯ ಜಾಗದಲ್ಲೂ ಅದೇ ಮಾತು. ಇಡೀ ಫೈಲಿನಲ್ಲಿ ರೋಗದ ಸುಳಿವು ಇದ್ದದ್ದು ಆ ಸಾಲಿನಲ್ಲಿ ಮಾತ್ರ. ಅದನ್ನು ಹುಡುಗಿಯ ಮೊಂಡುತನವೆಂದು ಓದಿಕೊಂಡು ಎಲ್ಲರೂ ಮುಂದಿನ ಪುಟಕ್ಕೆ ಹೋಗಿದ್ದರು.

ಅತ್ತೆಯವರನ್ನೂ ಗಂಡನನ್ನೂ ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಆಕೆಯೊಬ್ಬಳನ್ನೇ ಕೇಳಿದೆ: “ನಿಮ್ಮಿಬ್ಬರ ನಡುವೆ ದೇಹಸಂಪರ್ಕ ಪೂರ್ತಿಯಾಗಿ ನಡೆದಿದೆಯೇನಮ್ಮ?” ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಇಲ್ಲ ಮೇಡಂ. ಒಂದು ಸಲವೂ ಆಗಿಲ್ಲ. ಅಲ್ಲಿ ಗೋಡೆ ಇದ್ದ ಹಾಗೆ ಆಗುತ್ತೆ. ಇದುವರೆಗೆ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ,” ಎಂದಳು.

ಒಂದು ವರ್ಷ ಕ್ರಮವಾಗಿ, ಗರ್ಭನಿರೋಧಕಗಳಿಲ್ಲದೆ ದೇಹಸಂಪರ್ಕ ನಡೆದೂ ಗರ್ಭ ನಿಲ್ಲದಿದ್ದರೆ ಅದನ್ನು ವೈದ್ಯರು ಬಂಜೆತನದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಈ ದಂಪತಿಗಳ ವಿಷಯದಲ್ಲಿ ಆ ಒಂದು ವರ್ಷ ಇನ್ನೂ ಆರಂಭವೇ ಆಗಿರಲಿಲ್ಲ. ಅಂಡಾಶಯದಿಂದ ಪ್ರತಿ ತಿಂಗಳೂ ಅಂಡಾಣು ಹೊರಬರುತ್ತಿತ್ತು. ಅದು ಬದುಕಿರುವುದು 12ರಿಂದ 24 ಗಂಟೆ. ಆ ವೇಳೆಗೆ ವೀರ್ಯಾಣುಗಳು ಗರ್ಭನಾಳದಲ್ಲಿರಬೇಕು. ಅವು ಒಳಕ್ಕೆ ಬರಲು ದಾರಿಯೇ ಸಿಕ್ಕಿರಲಿಲ್ಲ. (ಯೋನಿಯ ಹೊರಬಾಯಲ್ಲಿ ಬಿದ್ದ ವೀರ್ಯದಿಂದಲೂ ಅಪರೂಪಕ್ಕೆ ಗರ್ಭ ನಿಲ್ಲುವುದುಂಟು. ಹಾಗಾದರೂ ಮೂಲ ತೊಂದರೆ ಇದ್ದಲ್ಲಿಯೇ ಇರುತ್ತದೆ.)

ಈಕೆಗಿದ್ದ ತೊಂದರೆಯ ಹೆಸರು ವೆಜೈನಿಸ್ಮಸ್. ಕನ್ನಡದಲ್ಲಿ ಯೋನಿಬಿಗಿತ ಎನ್ನಬಹುದು.

ಪಠ್ಯಪುಸ್ತಕದಲ್ಲಿ ಸ್ತ್ರೀ ಜನನಾಂಗಗಳ ಚಿತ್ರವನ್ನು ನೀವು ನೋಡಿರುತ್ತೀರಿ. ಗರ್ಭಕೋಶ, ಎರಡು ನಾಳಗಳು, ಎರಡು ಅಂಡಾಶಯ, ಕೆಳಗೆ ಯೋನಿ. ಆ ಚಿತ್ರದಲ್ಲಿ ಸಾಮಾನ್ಯವಾಗಿ ಬರೆಯದೆ ಬಿಡುವುದು ಸ್ನಾಯುಗಳನ್ನು. ಸೊಂಟದ ಮೂಳೆಗಳ ಬೋಗುಣಿಗೆ ತಳವೆಂಬಂತೆ, ಮುಂದಿನ ಮೂಳೆಯಿಂದ ಹಿಂದಿನ ಬಾಲಮೂಳೆಯವರೆಗೆ ಸ್ನಾಯುಗಳ ಒಂದು ಜೋಲಿ ಹರಡಿಕೊಂಡಿದೆ. ಮೂತ್ರನಾಳ, ಯೋನಿ, ಗುದನಾಳ ಮೂರೂ ಈ ಜೋಲಿಯನ್ನು ಹಾದು ಹೊರಬರುತ್ತವೆ. ಮೂತ್ರವನ್ನು ತಡೆದುಕೊಳ್ಳುವಾಗ ನಾವು ಬಿಗಿಹಿಡಿಯುವುದು ಇದೇ ಸ್ನಾಯುಗಳನ್ನು. ಹಾಗೆ ಬೇಕೆಂದಾಗ ಬಿಗಿಯುವ ಸ್ನಾಯುಗಳೇ ಆದರೂ, ಭಯವಾದಾಗ ನಮ್ಮನ್ನು ಕೇಳದೆಯೂ ಬಿಗಿಯುತ್ತವೆ.

ಕಣ್ಣಿನ ಹತ್ತಿರ ಯಾರಾದರೂ ಬೆರಳು ತಂದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ. “ಮುಚ್ಚಬೇಡ, ನಾನು ಮುಟ್ಟುವುದಿಲ್ಲ” ಎಂದು ಎಷ್ಟು ಹೇಳಿದರೂ ಮುಚ್ಚುತ್ತದೆ. ಯೋನಿಬಿಗಿತವೂ ಇದೇ ಬಗೆಯದು. ಒಳಗೆ ಏನೋ ಬರುತ್ತದೆ ಎಂಬ ನಿರೀಕ್ಷೆಯಲ್ಲೇ ಸ್ನಾಯುಗಳು ಸೆಡೆತುಕೊಳ್ಳುತ್ತವೆ. ತೊಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರು ನಿಲ್ಲುತ್ತದೆ, ಬೆನ್ನು ಬಿಲ್ಲಿನಂತಾಗುತ್ತದೆ. ಬಿಗಿದ ಸ್ನಾಯುವನ್ನು ಒತ್ತಿದರೆ ನೋವಾಗುತ್ತದೆ. ನೋವಾದಾಗ “ನಾನು ಹೆದರಿದ್ದು ಸರಿಯೇ” ಎಂದು ಮಿದುಳು ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಇನ್ನೂ ಬೇಗ ಬಿಗಿಯುತ್ತದೆ. “ಸ್ವಲ್ಪ ತಡೆದುಕೋ, ಒಂದು ಸಲ ಆದರೆ ಸರಿಹೋಗುತ್ತದೆ” ಎಂಬ ಹಿರಿಯರ ಸಲಹೆ ಕೆಲಸ ಮಾಡದಿರುವುದು ಇದಕ್ಕೇ. ಬಲವಂತ ಮಾಡಿದಷ್ಟೂ ಈ ಸುತ್ತು ಬಲಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ಇಂಥ ಹೆಂಗಸಿಗೆ ಗಂಡನ ಮೇಲೆ ಪ್ರೀತಿಯಿಲ್ಲ, ಆಸೆಯಿಲ್ಲ ಎಂದು ಭಾವಿಸುತ್ತಾರೆ. ಈ ಗಂಡನೂ ಹಾಗೆಯೇ ಭಾವಿಸಿದ್ದ. “ನನ್ನನ್ನು ಕಂಡರೆ ಇವಳಿಗೆ ಆಗುವುದಿಲ್ಲವೇನೋ ಅಂತ ಎರಡು ವರ್ಷ ಅಂದುಕೊಂಡಿದ್ದೆ,” ಎಂದು ಆಮೇಲೆ ಹೇಳಿದ. ಅಕ್ಕರೆಯೂ ಆಸೆಯೂ ಇರುವವರಲ್ಲಿಯೂ ಸ್ನಾಯು ಬಿಗಿಯಬಹುದು. ಪದೇ ಪದೇ ಸೋತ ಗಂಡನಲ್ಲಿಯೂ ಕ್ರಮೇಣ ಭಯ ಹುಟ್ಟಿ ಉದ್ರೇಕ ಕುಗ್ಗುತ್ತದೆ. ಆಗ ತೊಂದರೆ ಯಾರದು ಎಂದೇ ತಿಳಿಯದಂತಾಗುತ್ತದೆ.

ಭಯ ಎಲ್ಲಿಂದ ಬರುತ್ತದೆ? ಒಬ್ಬೊಬ್ಬರದು ಒಂದೊಂದು. ಬಾಲ್ಯದಲ್ಲಿ ಯಾರೋ ಮಾಡಿದ ಲೈಂಗಿಕ ದೌರ್ಜನ್ಯ ಕೆಲವರಲ್ಲಿ ಕಾರಣ. ಎಲ್ಲರಲ್ಲೂ ಅಲ್ಲ. ಕೆಲವರಲ್ಲಿ ಮೊದಲೊಮ್ಮೆ ಸೋಂಕಿನಿಂದಲೋ ಗಾಯದಿಂದಲೋ ಆದ ನೋವು ಕಾರಣ. ನನ್ನ ಮುಂದಿದ್ದ ಹುಡುಗಿಯಲ್ಲಿ ಅಂಥದೇನೂ ಇರಲಿಲ್ಲ. ಪಿಯುಸಿ ಓದುತ್ತಿದ್ದಾಗ ಸಂಬಂಧಿಕಳೊಬ್ಬಳು ಮೊದಲ ರಾತ್ರಿ ವಿಪರೀತ ರಕ್ತ ಹೋಗಿ ಆಸ್ಪತ್ರೆ ಸೇರಿದಳೆಂಬ ಸುದ್ದಿಯನ್ನು ಹಾಸ್ಟೆಲಿನಲ್ಲಿ ಕೇಳಿದ್ದಳು. ಕನ್ಯಾಪೊರೆ ಎಂದರೆ ಹರಿಯಲೇಬೇಕಾದ ಒಂದು ಮುಚ್ಚಳ ಎಂದು ನಂಬಿದ್ದಳು. ನಿಜವಾಗಿ ಅದು ಯೋನಿಯ ಬಾಯಿಯ ಸುತ್ತ ಇರುವ ಮೆತ್ತನೆಯ ಅಂಚು. ಅದರ ನಡುವೆ ದಾರಿ ಇರುವುದರಿಂದಲೇ ಪ್ರತಿ ತಿಂಗಳೂ ಮುಟ್ಟಿನ ರಕ್ತ ಹೊರಬರುತ್ತದೆ. ಮೊದಲ ಸಲ ಅನೇಕರಿಗೆ ರಕ್ತವೇ ಬರುವುದಿಲ್ಲ.

ಈ ತೊಂದರೆಗೆ ಹೆಸರು ಕೊಟ್ಟವನು ಅಮೆರಿಕದ ಶಸ್ತ್ರವೈದ್ಯ ಮೇರಿಯನ್ ಸಿಮ್ಸ್. 1861ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಅವನು ಇದನ್ನು ವಿವರಿಸಿದ. ಅವನು ಸೂಚಿಸಿದ ಪರಿಹಾರ ಕತ್ತರಿಯದು. ಪೊರೆಯನ್ನು ಕತ್ತರಿಸಿ ತೆಗೆದು, ಬಾಯನ್ನು ಅಗಲಿಸಿ, ಆಮೇಲೆ ಗಾಜಿನ ಕೊಳವೆ ಇಟ್ಟುಕೊಳ್ಳಲು ಹೇಳುತ್ತಿದ್ದ. ಈಗ ಕತ್ತರಿ ಬಿದ್ದುಹೋಗಿದೆ, ಕೊಳವೆ ಮಾತ್ರ ಬೇರೆ ರೂಪದಲ್ಲಿ ಉಳಿದಿದೆ. 1970ರಲ್ಲಿ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಸಂಶೋಧಕರು ದಂಪತಿಗಳಿಬ್ಬರನ್ನೂ ಕೂರಿಸಿ ವಿಷಯ ತಿಳಿಸಿಕೊಟ್ಟು, ಹಂತ ಹಂತವಾಗಿ ಅಭ್ಯಾಸ ಮಾಡಿಸುವ ಕ್ರಮವನ್ನು ಪ್ರಕಟಿಸಿದ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು. ಹೀಗಿದ್ದೂ “ಸಣ್ಣ ಆಪರೇಷನ್ ಮಾಡಿಬಿಡೋಣ” ಎಂದು ಪೊರೆ ಕತ್ತರಿಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಸ್ನಾಯು ಬಿಗಿಯುವುದು ಅದರಿಂದ ನಿಲ್ಲುವುದಿಲ್ಲ. ನೋವಿನ ಇನ್ನೊಂದು ನೆನಪು ಸೇರಿಕೊಳ್ಳುತ್ತದೆ ಅಷ್ಟೇ.

ಚಿಕಿತ್ಸೆಗೆ ಮೊದಲು ಒಂದು ವಿಷಯ ಖಚಿತವಾಗಬೇಕು. ಇದು ಭಯದ ಬಿಗಿತವೋ, ಅಥವಾ ಒಳಗೆ ನೋವಿಗೆ ಬೇರೆ ಕಾರಣವಿದೆಯೋ? ಶಿಲೀಂಧ್ರದ ಸೋಂಕು, ಯೋನಿಯನ್ನು ಎರಡಾಗಿ ಸೀಳುವ ಹುಟ್ಟಿನ ಅಡ್ಡಗೋಡೆ, ಗರ್ಭಕೋಶದ ಒಳಪದರ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇವೆಲ್ಲ ನೋವು ಕೊಡುತ್ತವೆ. ಇನ್ನು ಕೆಲವರಲ್ಲಿ ಯೋನಿಯ ಬಾಯಿಯ ಚರ್ಮದ ನರಗಳೇ ಅತಿ ಸೂಕ್ಷ್ಮವಾಗಿರುತ್ತವೆ. ಹತ್ತಿ ಸುತ್ತಿದ ಕಡ್ಡಿಯ ತುದಿಯಿಂದ ಮೆಲ್ಲಗೆ ಮುಟ್ಟಿದಾಗ ಒಂದು ನಿರ್ದಿಷ್ಟ ಜಾಗದಲ್ಲಿ ಉರಿ, ಚುಚ್ಚಿದಂಥ ನೋವು ಬಂದರೆ ಅದನ್ನು ಶಂಕಿಸಬೇಕು. ಅದಕ್ಕೆ ಬೇರೆ ಚಿಕಿತ್ಸೆ ಮೊದಲು ಬೇಕು. ಭಯದ ಬಿಗಿತದಲ್ಲಿ ಮುಟ್ಟುವುದಕ್ಕೆ ಮುಂಚೆಯೇ ತೊಡೆ ಕೂಡಿಕೊಳ್ಳುತ್ತದೆ. ಆದರೆ ಭಯ ಮತ್ತು ನೋವು ಹೀಗೆ ಬೇರೆ ಬೇರೆ ಡಬ್ಬಿಯಲ್ಲಿ ಕೂರುವುದು ಕಡಿಮೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ಯೋನಿಬಿಗಿತವನ್ನೂ ಸಂಪರ್ಕದ ನೋವನ್ನೂ ಒಂದೇ ಹೆಸರಿನಡಿ ತಂದದ್ದು ಈ ಕಾರಣಕ್ಕೆ.

ಮೊದಲ ಭೇಟಿಯಲ್ಲಿ ನಾನು ಈಕೆಗೆ ಒಳಪರೀಕ್ಷೆ ಮಾಡಲೇ ಇಲ್ಲ. “ನೀನು ಬೇಡ ಅಂದ ಕೂಡಲೇ ನಿಲ್ಲಿಸುತ್ತೇನೆ” ಎಂದು ಹೇಳಿ, ಎರಡನೆಯ ಭೇಟಿಯಲ್ಲಿ ಹೊರಗಿನಿಂದ ನೋಡಿದೆ. ಕೈಗೆ ಕನ್ನಡಿ ಕೊಟ್ಟು ಆಕೆಗೂ ತೋರಿಸಿದೆ. 26 ವರ್ಷದ ಪದವೀಧರೆ ತನ್ನ ದೇಹದ ಈ ಭಾಗವನ್ನು ನೋಡಿದ್ದು ಅದೇ ಮೊದಲು. ಸೋಂಕಿರಲಿಲ್ಲ, ಕಡ್ಡಿಯ ಪರೀಕ್ಷೆಯಲ್ಲಿ ಉರಿಯೂ ಇರಲಿಲ್ಲ.

ಅಂದು ಇಬ್ಬರಿಗೂ ಒಂದು ನಿಯಮ ಹಾಕಿದೆ. ನಾನು ಹೇಳುವವರೆಗೆ ಸಂಪರ್ಕದ ಪ್ರಯತ್ನ ಮಾಡಕೂಡದು. ಮಕ್ಕಳು ಬೇಕೆಂದು ಬಂದವರಿಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ಪ್ರತಿ ರಾತ್ರಿ “ಇವತ್ತೇನಾಗುತ್ತದೋ” ಎಂಬ ಆತಂಕ ಇರುವವರೆಗೆ ಸ್ನಾಯು ಸಡಿಲವಾಗುವುದನ್ನು ಕಲಿಯುವುದಿಲ್ಲ. ನಿಯಮ ಬಂದ ವಾರದಿಂದಲೇ ನಿದ್ರೆ ಬರತೊಡಗಿತು ಎಂದು ಆಕೆ ಹೇಳಿದಳು.

ಮೊದಲ ಎರಡು ವಾರ ಉಸಿರು ಮತ್ತು ಸ್ನಾಯುವಿನ ಪಾಠ. ಮಂಡಿ ಮಡಿಸಿ ಮಲಗಿ, ಎದೆಯ ಬದಲು ಹೊಟ್ಟೆ ಏಳುವಂತೆ ನಿಧಾನವಾಗಿ ಉಸಿರೆಳೆದುಕೊಳ್ಳಬೇಕು. ಮೂತ್ರ ತಡೆಯುವಾಗ ಮಾಡುವಂತೆ ಸ್ನಾಯುವನ್ನು 5 ಸೆಕೆಂಡು ಬಿಗಿಹಿಡಿದು, 10 ಸೆಕೆಂಡು ಪೂರ್ತಿ ಬಿಡಬೇಕು. ಹೀಗೆ ಹತ್ತು ಸಲ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹೆರಿಗೆಯ ನಂತರ ಇದೇ ವ್ಯಾಯಾಮವನ್ನು ಸ್ನಾಯು ಗಟ್ಟಿಯಾಗಲೆಂದು ಹೇಳಿಕೊಡುತ್ತಾರೆ. ಇವಳಿಗೆ ಬೇಕಾದದ್ದು ಬಿಗಿಯುವುದಲ್ಲ, ಬಿಡುವುದು. ಬಿಗಿಯುವುದು ಎಲ್ಲಿ, ಬಿಡುವುದು ಎಲ್ಲಿ ಎಂಬ ವ್ಯತ್ಯಾಸ ತಿಳಿಯಲೆಂದು ಮಾತ್ರ ಬಿಗಿಸುತ್ತೇವೆ.

ಇದರ ಜೊತೆಗೇ ಆಪ್ತಸಲಹೆ ನಡೆಯಿತು. ಸಲಹೆಗಾರ್ತಿ ಆಕೆಗೆ ತನ್ನ ಭಯಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ ಬರೆಯಲು ಹೇಳಿದರು. “ಒಳಗೆ ಅಷ್ಟು ಜಾಗವೇ ಇಲ್ಲ”, “ಹರಿದುಹೋಗುತ್ತದೆ”, “ರಕ್ತ ನಿಲ್ಲುವುದಿಲ್ಲ”. ಪ್ರತಿಯೊಂದರ ಎದುರಿಗೆ ನಿಜವೇನೆಂದು ಇಬ್ಬರೂ ಕೂಡಿ ಬರೆದರು. ಜಾಗದ ಮಾತಿಗೆ ಬಂದಾಗ, ಯೋನಿಯ ಗೋಡೆಗಳು ಮಡಿಕೆ ಮಡಿಕೆಯಾಗಿದ್ದು ಹಿಗ್ಗುವಂಥವು, ತಲೆಯ ಅಡ್ಡಳತೆ ಸುಮಾರು 9.5 ಸೆಂಟಿಮೀಟರ್ ಇರುವ ಕೂಸು ಹೊರಬರುವುದೂ ಇದೇ ದಾರಿಯಲ್ಲಿ ಎಂದು ಗೊಂಬೆಯ ಮಾದರಿಯಿಟ್ಟು ತೋರಿಸಿದರು. ಆ ಸಾಲನ್ನು ಆಕೆ ತಾನೇ ಹೊಡೆದುಹಾಕಿದಳು. ಗಂಡನೊಡನೆ ಬೇರೆಯಾಗಿ ಎರಡು ಸಲ ಮಾತಾಯಿತು. ಅತ್ತೆಯವರಿಗೆ, ದಂಪತಿಗಳ ಒಪ್ಪಿಗೆ ಪಡೆದು, “ಚಿಕಿತ್ಸೆ ನಡೆಯುತ್ತಿದೆ, ಆರು ತಿಂಗಳು ಯಾರೂ ತಿಂಗಳ ಲೆಕ್ಕ ಕೇಳಬೇಡಿ” ಎಂದಷ್ಟೇ ಹೇಳಿದೆ.

ಮೂರನೆಯ ವಾರ ತನ್ನದೇ ಕಿರುಬೆರಳ ತುದಿ. ಉಗುರು ಕತ್ತರಿಸಿ, ಕೈ ತೊಳೆದು, ನೀರಿನಲ್ಲಿ ಕರಗುವ ಜಾರುವ ಜೆಲ್ ಹಚ್ಚಿ, ಉಸಿರು ಬಿಡುವಾಗ ಮಾತ್ರ ಮುಂದುವರಿಯಬೇಕು. ಮೊದಲ ದಿನ ಮುಟ್ಟಿದ್ದೇ ಸಾಕೆನಿಸಿತು. ಆರನೆಯ ದಿನ ಒಂದು ಗೆಣ್ಣು ಒಳಗೆ ಹೋಯಿತು. “ಗೋಡೆ ಇಲ್ಲ ಮೇಡಂ!” ಎಂದು ಫೋನು ಮಾಡಿದಳು. ಆ ಫೋನಿನಲ್ಲಿದ್ದ ದನಿ ಇನ್ನೂ ನನ್ನ ಕಿವಿಯಲ್ಲಿದೆ.

ಬೆರಳಿನ ನಂತರ ಡೈಲೇಟರ್. ಇವು ನುಣುಪಾದ ಪ್ಲಾಸ್ಟಿಕ್ ಅಥವಾ ಸಿಲಿಕೋನಿನ ಕಡ್ಡಿಗಳು. ಒಂದು ಪೆಟ್ಟಿಗೆಯಲ್ಲಿ ನಾಲ್ಕರಿಂದ ಆರು ಇರುತ್ತವೆ. ಅತಿ ಚಿಕ್ಕದು ಹೆಚ್ಚುಕಡಿಮೆ ಕಿರುಬೆರಳಷ್ಟು ದಪ್ಪ, ದೊಡ್ಡದು 3 ಸೆಂಟಿಮೀಟರಿಗೆ ತುಸು ಮೇಲು. ಹೆಸರು ಕೇಳಿದರೆ ಇವು ಯೋನಿಯನ್ನು ಅಗಲಿಸುವ ಉಪಕರಣ ಎನಿಸುತ್ತದೆ. ಹಾಗಲ್ಲ. ಯೋನಿ ಕಿರಿದಾಗಿಯೇ ಇಲ್ಲ. ಒಳಗೆ ಏನಾದರೂ ಇದ್ದರೂ ಅಪಾಯವಿಲ್ಲ ಎಂದು ಸ್ನಾಯುವಿಗೂ ಮಿದುಳಿಗೂ ರೂಢಿ ಮಾಡಿಸುವುದೇ ಇವುಗಳ ಕೆಲಸ. ಆದ್ದರಿಂದ ಒಳಗಿಟ್ಟುಕೊಂಡು ದಿನಕ್ಕೆ 10-15 ನಿಮಿಷ ಸುಮ್ಮನೆ ಉಸಿರಾಡುತ್ತಾ ಮಲಗಬೇಕು. ಒಂದು ಅಳತೆಯದು ಮೂರು ನಾಲ್ಕು ದಿನ ಯಾವ ನೋವೂ ಇಲ್ಲದೆ ಕುಳಿತರೆ ಮಾತ್ರ ಮುಂದಿನದು. ನೋವಾದರೆ ಹಿಂದಿನ ಅಳತೆಗೆ ಮರಳಬೇಕು. ಹಲ್ಲು ಕಚ್ಚಿ ತಡೆದುಕೊಂಡು ಮುಂದಕ್ಕೆ ಹೋದವರು ಈ ಚಿಕಿತ್ಸೆಯಲ್ಲಿ ಸೋಲುತ್ತಾರೆ.

ಈಕೆ ಮೂರನೆಯ ಅಳತೆಯಲ್ಲಿ ನಿಂತುಬಿಟ್ಟಳು. ನಾದಿನಿಯ ಸೀಮಂತ ಬಂತು. ಮನೆ ತುಂಬ ನೆಂಟರು, “ನಿನ್ನದು ಯಾವಾಗಮ್ಮ?” ಎಂಬ ಪ್ರಶ್ನೆ. ಹತ್ತು ದಿನ ಅಭ್ಯಾಸ ತಪ್ಪಿತು. ಮತ್ತೆ ಶುರುಮಾಡಿದಾಗ ಎರಡನೆಯದೂ ಹೋಗಲಿಲ್ಲ. ಚಿಕಿತ್ಸೆ ಬಿಡುತ್ತೇನೆಂದು ಅತ್ತಳು. ಕಲಿತದ್ದು ಅಳಿಸಿಹೋಗಿರುವುದಿಲ್ಲ, ಬೆರಳಿನಿಂದ ಮತ್ತೆ ಆರಂಭಿಸು ಎಂದೆ. ಒಂದು ವಾರದಲ್ಲಿ ಮೂರನೆಯದಕ್ಕೆ ಬಂದಳು. ಮೊದಲ ಸಲ ಅಲ್ಲಿಗೆ ಬರಲು ನಾಲ್ಕು ವಾರ ಹಿಡಿದಿತ್ತು.

ಹನ್ನೆರಡನೆಯ ವಾರದ ಹೊತ್ತಿಗೆ ಎಲ್ಲ ಅಳತೆಗಳೂ ಮುಗಿದವು. ಆಮೇಲೆ ಗಂಡನ ಪಾಲು. ಆಕೆಯ ಕೈ ಮೇಲಿದ್ದು, ಆಕೆ ಹೇಳಿದಂತೆ ಆತ ಡೈಲೇಟರನ್ನು ಹಿಡಿಯಬೇಕು. ಆಕೆ ‘ಸಾಕು’ ಎಂದರೆ ಅಲ್ಲಿಗೇ ಸಾಕು. ಇದಾದ ಮೇಲೆಯೇ ಸಂಪರ್ಕ. ಅಲ್ಲಿಯೂ ಎಷ್ಟು, ಯಾವಾಗ, ಯಾವ ವೇಗ ಎಂಬ ಹತೋಟಿ ಆಕೆಯದೇ. ಹದಿನೈದನೆಯ ವಾರ ಇಬ್ಬರೂ ಬಂದರು. ಮುಖ ನೋಡಿಯೇ ತಿಳಿಯಿತು.

ಎಲ್ಲರಿಗೂ ಹದಿನೈದು ವಾರದಲ್ಲಿ ಮುಗಿಯುತ್ತದೆಂದಲ್ಲ. ಕೆಲವರಿಗೆ ಎಂಟು ವಾರ ಸಾಕು, ಕೆಲವರಿಗೆ ಒಂದು ವರ್ಷ. 2013ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸಿನ ಒಂದು ಅಧ್ಯಯನದಲ್ಲಿ, ಮೊದಲಿಂದಲೂ ಯೋನಿಬಿಗಿತವಿದ್ದ 70 ಮಹಿಳೆಯರಲ್ಲಿ ಅರ್ಧ ಜನಕ್ಕೆ ಚಿಕಿತ್ಸಕರ ಎದುರಿನಲ್ಲೇ ಇಂಥ ಅಭ್ಯಾಸ ಮಾಡಿಸಿದರು. ಉಳಿದರ್ಧ ಜನ ಮೂರು ತಿಂಗಳು ಕಾದರು. ಅಭ್ಯಾಸ ಮಾಡಿದ 35 ಜನರಲ್ಲಿ 31 ಜನಕ್ಕೆ ಸಂಪರ್ಕ ಸಾಧ್ಯವಾಯಿತು. ಕಾದವರಲ್ಲಿ ನಾಲ್ವರಿಗೆ ಮಾತ್ರ. ಕಾಲ ಕಳೆದರೆ ತಾನಾಗಿ ಸರಿಹೋಗುತ್ತದೆ ಎಂಬ ಮಾತಿಗೆ ಇದು ಉತ್ತರ. ಅಭ್ಯಾಸಕ್ಕೆ ಬಗ್ಗದ ಕೆಲವರಿಗೆ ಬೊಟುಲಿನಮ್ ಚುಚ್ಚುಮದ್ದಿನಿಂದ ಸ್ನಾಯುವನ್ನು ಕೆಲವು ತಿಂಗಳು ಸಡಿಲಿಸುವುದುಂಟು. ಆಗಲೂ ಡೈಲೇಟರ್ ಅಭ್ಯಾಸ ತಪ್ಪುವುದಿಲ್ಲ.

ಇನ್ನು ಗರ್ಭದ ಮಾತು. ಗರ್ಭನಾಳದ ಎಕ್ಸ್‌ರೇಯನ್ನು ಈಗ ಮಾಡಬಹುದಿತ್ತು. ಆದರೆ ನಾನು ಮಾಡಿಸಲಿಲ್ಲ. 26ರ ಹುಡುಗಿ, ಮುಟ್ಟು ಕ್ರಮವಾಗಿದೆ, ವೀರ್ಯ ಸರಿಯಿದೆ. ಇಂಥವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಒಂದು ವರ್ಷದೊಳಗೆ ಗರ್ಭ ಧರಿಸುತ್ತಾರೆ. ಒಂದು ಬದಲಾವಣೆ ಮಾತ್ರ ಹೇಳಿದೆ. ಜಾರುವ ಜೆಲ್‌ಗಳಲ್ಲಿ ಹಲವು ವೀರ್ಯಾಣುಗಳ ಓಟವನ್ನು ತಗ್ಗಿಸುತ್ತವೆ. ಅಭ್ಯಾಸಕ್ಕೆ ಬಳಸಿದ್ದನ್ನು ಸಂಪರ್ಕದ ವೇಳೆ ಬಿಡುವುದು ಒಳ್ಳೆಯದು, ಬೇಕೇ ಬೇಕಾದರೆ ಗರ್ಭಕ್ಕೆ ತೊಡಕಾಗದಂಥದನ್ನು ಕೇಳಿ ಪಡೆಯಬೇಕು. ಐದನೆಯ ತಿಂಗಳು ಮುಟ್ಟು ನಿಂತಿತು.

ಇದೇ ಹೆಂಗಸಿಗೆ 37 ವರ್ಷವಾಗಿದ್ದರೆ ನಾನು ಬೇರೆ ರೀತಿ ನಡೆದುಕೊಳ್ಳುತ್ತಿದ್ದೆ. ಆ ವಯಸ್ಸಿನಲ್ಲಿ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತವೆ. ಆಗ ಅಭ್ಯಾಸದ ಜೊತೆಜೊತೆಗೇ ಪರೀಕ್ಷೆಗಳನ್ನು ಮುಗಿಸಿ, ಗಂಡನ ವೀರ್ಯವನ್ನು ಸಣ್ಣ ಕೊಳವೆಯಿಂದ ಗರ್ಭಕೋಶಕ್ಕೆ ಸೇರಿಸುವ ವಿಧಾನವನ್ನೂ ಯೋಚಿಸಬೇಕಾಗುತ್ತದೆ. ಚಿಕ್ಕ ವಯಸ್ಸಿನವರಿಗೂ ಹಾಗೇ ಮಾಡಿಬಿಡೋಣವೆಂದು ಮನೆಯವರು ಒತ್ತಾಯಿಸುವುದುಂಟು. ಮಗುವೇನೋ ಆಗಬಹುದು. ಆದರೆ ಬಿಗಿತ ಉಳಿಯುತ್ತದೆ. ಬಸಿರಿನ ಪ್ರತಿ ತಪಾಸಣೆಯೂ, ಹೆರಿಗೆಯ ಹೊತ್ತಿನ ಪ್ರತಿ ಒಳಪರೀಕ್ಷೆಯೂ ಹಿಂಸೆಯಾಗುತ್ತದೆ.

ಈಕೆಗೆ ಸಹಜ ಹೆರಿಗೆಯಾಯಿತು. ಬಾಯಿಯ ಬಳಿ ನಾಲ್ಕು ಹೊಲಿಗೆ ಬಿದ್ದವು. ಆರು ವಾರಕ್ಕೆ ತಪಾಸಣೆಗೆ ಬಂದಾಗ ಗಾಯ ಮಾಗಿತ್ತು, ಆದರೆ ಹಳೆಯ ಬಿಗಿತ ಸ್ವಲ್ಪ ಮರಳಿರುವುದು ನನ್ನ ಕೈಗೆ ತಿಳಿಯಿತು. ಹೊಲಿಗೆಯ ನೋವಿನಿಂದ ಹಾಗಾಗುವುದುಂಟು. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆಕೆಯೇ, “ಗೊತ್ತು ಮೇಡಂ, ನಿನ್ನೆಯಿಂದ ಪೆಟ್ಟಿಗೆ ತೆಗೆದಿದೀನಿ. ಚಿಕ್ಕದರಿಂದ ಶುರುಮಾಡಿದೀನಿ,” ಎಂದಳು.